ಯೂಟ್ಯೂಬ್ ಸ್ಪಾನ್ಸರ್‌ಶಿಪ್‌ಗೆ ಎಷ್ಟು ಕೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

"ಹಾಯ್, ನಿಮ್ಮ ಕಂಟೆಂಟ್ ತುಂಬಾ ಇಷ್ಟ ಆಯ್ತು. ಕಮರ್ಷಿಯಲ್ಸ್ ಕಳಿಸಿ." ಬ್ರಾಂಡ್ ಅಥವಾ ಏಜೆನ್ಸಿಯಿಂದ ಬರುವ ಮೊದಲ ಮೆಸೇಜ್ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಮರ್ಷಿಯಲ್ಸ್ ಅಂದರೆ ನಿಮ್ಮ ದರ. ಆ ಒಂದು ಸಾಲಿಗೆ ಏನು ಬರೆಯಬೇಕು ಅನ್ನುವುದೇ ಈ ಪುಟದ ವಿಷಯ.

ಲೆಕ್ಕ ಕಣ್ಣಿಗೆ ಕಾಣಲಿ ಅಂತ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಮೈಸೂರಿನಿಂದ ನಡೆಯುವ ಒಂದು ಕನ್ನಡ ಅಡುಗೆ ಚಾನೆಲ್, 1.6 ಲಕ್ಷ ಸಬ್‌ಸ್ಕ್ರೈಬರ್‌ಗಳು. ಟೇಬಲ್ ಟಾಪ್ ಗ್ರೈಂಡರ್ ಮಾರುವ ಕಂಪನಿಯೊಂದು ಬಂದಿದೆ. ದೋಸೆ ಹಿಟ್ಟಿನ ವಿಡಿಯೋದಲ್ಲಿ ಒಂದು ನಿಮಿಷದ ಇಂಟಿಗ್ರೇಷನ್, ಅಂದರೆ ವಿಡಿಯೋ ನಡುವೆ ಅವರ ಗ್ರೈಂಡರ್ ಬಗ್ಗೆ ಮಾತಾಡುವ ಭಾಗ, ಬೇಕಂತೆ. ಚಾನೆಲ್ ಕಲ್ಪಿತ, ಅಂಕಿಗಳೂ ಲೆಕ್ಕಕ್ಕೆ ಹಾಕಿಕೊಂಡವು. ಲೆಕ್ಕ ಮಾಡುವ ರೀತಿ ಮಾತ್ರ ನಿಮ್ಮ ಚಾನೆಲ್‌ಗೂ ನಡೆಯುತ್ತದೆ.

ದರ ಹೇಳುವಾಗ ಯಾವ ವ್ಯೂಸ್ ಹಿಡಿಯಬೇಕು?

ಕೊನೆಯ 12 ಲಾಂಗ್ ವಿಡಿಯೋ ತೆಗೆದುಕೊಳ್ಳಿ. ಶಾರ್ಟ್ಸ್ ಬೇಡ, ಲೈವ್ ಬೇಡ. ಪ್ರತಿ ವಿಡಿಯೋ ಹಾಕಿದ ಮೊದಲ 30 ದಿನದಲ್ಲಿ ಎಷ್ಟು ವ್ಯೂಸ್ ಬಂತು ಅಂತ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಿ ಬರೆದುಕೊಳ್ಳಿ. ತಿಂಗಳು ತುಂಬದ ವಿಡಿಯೋಗಳನ್ನು ಬಿಡಿ.

ನಮ್ಮ ಅಡುಗೆ ಚಾನೆಲ್‌ನ ಅಂಕಿ ಸಾವಿರದ ಲೆಕ್ಕದಲ್ಲಿ, ಕಡಿಮೆಯಿಂದ ಜಾಸ್ತಿಗೆ, ಹೀಗಿವೆ: 19, 22, 24, 26, 27, 29, 31, 33, 36, 41, 58, 310. ಆ ಕೊನೆಯ 310 ಯುಗಾದಿ ಹೊತ್ತಿನಲ್ಲಿ ಓಡಿದ ಒಬ್ಬಟ್ಟಿನ ವಿಡಿಯೋ. ಎಲ್ಲ ಕೂಡಿಸಿ 12ರಿಂದ ಭಾಗಿಸಿದರೆ ಸರಾಸರಿ ಸುಮಾರು 55 ಸಾವಿರ. ಆದರೆ 55 ಸಾವಿರ ದಾಟಿದ ವಿಡಿಯೋ ಇರುವುದೇ ಎರಡು! ಆ ಸರಾಸರಿ ತೋರಿಸಿ ದುಡ್ಡು ತೆಗೆದುಕೊಂಡರೆ ಹತ್ತರಲ್ಲಿ ಎಂಟು ಸಲ ಬ್ರಾಂಡ್‌ಗೆ ಬೇಸರವಾಗುತ್ತದೆ, ಎರಡನೇ ಡೀಲ್ ಬರುವುದಿಲ್ಲ.

ಅದಕ್ಕೇ ನಡುವಿನ ಅಂಕಿ ಹಿಡಿಯಬೇಕು. ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು 29 ಮತ್ತು 31. ಅಂದರೆ 30 ಸಾವಿರ. ಈ ಚಾನೆಲ್ ಮಾರುತ್ತಿರುವುದು ಆ 30 ಸಾವಿರವನ್ನು. ಒಬ್ಬಟ್ಟಿನ ವಿಡಿಯೋವನ್ನು ಮೆಸೇಜ್‌ನಲ್ಲಿ ಬೇಕಾದರೆ ಹೇಳಿಕೊಳ್ಳಿ, ಲೆಕ್ಕಕ್ಕೆ ಸೇರಿಸಬೇಡಿ.

ಸಬ್‌ಸ್ಕ್ರೈಬರ್ ಸಂಖ್ಯೆಗೆ ಬೆಲೆ ಇಲ್ವಾ?

ದರದ ಲೆಕ್ಕದಲ್ಲಿ ಇಲ್ಲ. ಬ್ರಾಂಡ್‌ನ ಮೊದಲ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಕ್ಕೆ ಅದು ಸಹಾಯ ಮಾಡುತ್ತದೆ, ಅಷ್ಟೇ.

ಸಾವಿರ ವ್ಯೂಸ್‌ಗೆ ಎಷ್ಟು ರೂಪಾಯಿ ಅಂತ ತೀರ್ಮಾನಿಸುವುದು ಹೇಗೆ?

ಎಲ್ಲರಿಗೂ ಹೊಂದುವ ಒಂದು ದರ ಇಲ್ಲ. ಹಾಗೆ ಪಟ್ಟಿ ಮಾಡಿ ಹಂಚುವವರನ್ನು ನಾನಂತೂ ನಂಬುವುದಿಲ್ಲ. ಹಿಂದೆ ಡೀಲ್ ಮಾಡಿದ್ದರೆ ಪ್ರತಿ ಡೀಲ್‌ನ ಹಣವನ್ನು ಆ ವಿಡಿಯೋಗೆ 30 ದಿನದಲ್ಲಿ ಬಂದ ವ್ಯೂಸ್‌ನಿಂದ ಭಾಗಿಸಿ, ಸಾವಿರದಿಂದ ಗುಣಿಸಿ. ಮೂರು ನಾಲ್ಕು ಡೀಲ್ ಆಗುವಷ್ಟರಲ್ಲಿ ನಿಮ್ಮ ದರ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಕೇಳಿದ ತಕ್ಷಣ ಎಲ್ಲರೂ ಒಪ್ಪುತ್ತಿದ್ದರೆ ದರ ಕಡಿಮೆ ಇದೆ ಅಂತಲೇ ಅರ್ಥ.

ಇದೇ ಮೊದಲ ಡೀಲ್ ಆದರೆ ನಿಮ್ಮಷ್ಟೇ ವ್ಯೂಸ್ ಇರುವ, ನಿಮ್ಮದೇ ವಿಷಯದ ಇಬ್ಬರು ಮೂವರನ್ನು ಕೇಳಿ. ಕನ್ನಡದ ಕ್ರಿಯೇಟರ್‌ಗಳು ಒಬ್ಬರಿಗೊಬ್ಬರು ದರ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಆ ಸಂಕೋಚದ ಲಾಭವೆಲ್ಲ ಏಜೆನ್ಸಿಗೆ ಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಹಳೆಯ ಡೀಲ್‌ಗಳಿಂದ ಸಾವಿರಕ್ಕೆ 800 ರೂಪಾಯಿ ಅಂತ ಸಿಕ್ಕಿತು ಅನ್ನೋಣ. 30 ಸಾವಿರ ವ್ಯೂಸ್‌ಗೆ 24,000 ರೂಪಾಯಿ. ಇದು ಮೂಲ ದರ. ನಿಮ್ಮ ಚಾನೆಲ್‌ನಲ್ಲಿ ಒಂದು ನಿಮಿಷ ಮಾತಾಡುವುದಕ್ಕೆ ಮಾತ್ರ ಈ ಹಣ. ಬೇರೆ ಯಾವುದೂ ಇದರಲ್ಲಿ ಸೇರಿಲ್ಲ.

ಒಂದೇ ವ್ಯೂಸ್ ಇದ್ದರೂ ಕೆಲವು ವಿಷಯದ ಚಾನೆಲ್‌ಗಳಿಗೆ ಯಾಕೆ ಜಾಸ್ತಿ ಕೊಡುತ್ತಾರೆ?

ಬ್ರಾಂಡ್‌ನವರ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿ ನೋಡಿ. ಗ್ರೈಂಡರ್ ಬೆಲೆ 7,000 ರೂಪಾಯಿ. ತಯಾರಿಕೆ, ಸಾಗಣೆ, ಅಂಗಡಿಯ ಪಾಲು ಎಲ್ಲ ಕಳೆದು ಕಂಪನಿ ಕೈಯಲ್ಲಿ 1,400 ಉಳಿಯುತ್ತದೆ ಅನ್ನಿ. ನಿಮಗೆ ಕೊಡುವ 24,000 ವಾಪಸ್ ಬರಬೇಕಾದರೆ 18 ಗ್ರೈಂಡರ್ ಹೋಗಬೇಕು. 30 ಸಾವಿರ ಜನ ನೋಡುವ ಅಡುಗೆ ವಿಡಿಯೋದಿಂದ 18 ಜನ ಕೊಳ್ಳುವುದು ಆಗದ ಮಾತಲ್ಲ.

ಈಗ ಅದೇ ಚಾನೆಲ್‌ಗೆ 80 ರೂಪಾಯಿಯ ಸಾಂಬಾರ್ ಪುಡಿ ಕಂಪನಿ ಬಂತು. ಪ್ಯಾಕೆಟ್‌ಗೆ ಅವರಿಗೆ ಉಳಿಯುವುದು 15 ರೂಪಾಯಿ. 24,000 ಹುಟ್ಟಲು 1,600 ಪ್ಯಾಕೆಟ್ ಹೋಗಬೇಕು. ಒಂದು ವಿಡಿಯೋದಿಂದ ಅದು ಕಷ್ಟ. ಹಾಗಾಗಿ ಪುಡಿ ಕಂಪನಿ ಹೆಸರು ಪರಿಚಯವಾಗಲಿ ಅಂತ ಮಾತ್ರ ದುಡ್ಡು ಹಾಕುತ್ತದೆ, ಕಡಿಮೆ ಹಾಕುತ್ತದೆ. ಅದು ನಿಮ್ಮನ್ನು ಕಡೆಗಣಿಸಿದ ಹಾಗಲ್ಲ. ಅವರ ಲೆಕ್ಕ ಬೇರೆ.

ಹಣಕಾಸು, ಕೋರ್ಸ್, ಸಾಫ್ಟ್‌ವೇರ್ ಚಾನೆಲ್‌ಗಳ ದರ ಮೇಲಿರುವುದೂ ಇದೇ ಕಾರಣಕ್ಕೆ. ಒಬ್ಬ ಗ್ರಾಹಕ ಸಿಕ್ಕರೆ ವರ್ಷಗಟ್ಟಲೆ ಆದಾಯ ಬರುತ್ತದೆ. ಹಣಕಾಸಿನಲ್ಲಿ ಇನ್ನೊಂದು ತೊಡಕಿದೆ. ನೋಂದಣಿ ಇಲ್ಲದೆ ಹೂಡಿಕೆ ಸಲಹೆ ಕೊಡುವವರ ಜೊತೆ ಬ್ರೋಕರ್ ಕಂಪನಿಗಳು, ಮ್ಯೂಚುವಲ್ ಫಂಡ್‌ಗಳು ಕೈಜೋಡಿಸಬಾರದು ಅಂತ ಸೆಬಿ 2024ರಲ್ಲಿ ನಿಯಮ ತಂದಿದೆ. ದರ ಚೆನ್ನಾಗಿದೆ ಅಂತ ಒಪ್ಪುವ ಮೊದಲು ಅದನ್ನು ನೋಡಿಕೊಳ್ಳಿ.

ವಿಷಯಕ್ಕಿಂತಲೂ ಜಾಸ್ತಿ ಕೆಲಸ ಮಾಡುವುದು ನೋಡುಗರ ಕೊಳ್ಳುವ ಮನಸ್ಸು. "ಅಕ್ಕಾ, ಯಾವ ಗ್ರೈಂಡರ್ ಅದು?" "ಎರಡು ಲೀಟರ್ ಸಾಕಾ ನಾಲ್ಕು ಜನಕ್ಕೆ?" ಅಂತ ಕಮೆಂಟ್ ಬರುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹತ್ತು ಪುಟದ ಮೀಡಿಯಾ ಕಿಟ್‌ಗಿಂತ ಅಂಥ ನಾಲ್ಕು ಕಮೆಂಟ್ ಗಟ್ಟಿ ಸಾಕ್ಷಿ. ಜೊತೆಗೆ ನೋಡುಗರು ಯಾವ ಊರಿನವರು, ಯಾವ ವಯಸ್ಸಿನವರು ಅನ್ನುವ ಪುಟವನ್ನೂ ಕಳಿಸಿ. ಕರ್ನಾಟಕದಲ್ಲಿ ಮಾತ್ರ ಡೀಲರ್ ಇರುವ ಕಂಪನಿಗೆ ನಿಮ್ಮ ಕನ್ನಡದ 30 ಸಾವಿರ ವ್ಯೂಸ್ ಪೂರ್ತಿ ಕೆಲಸಕ್ಕೆ ಬರುತ್ತದೆ. ದೇಶವೆಲ್ಲ ಹರಡಿದ ಹಿಂದಿ ಚಾನೆಲ್‌ನ ವ್ಯೂಸ್‌ನಲ್ಲಿ ಅವರಿಗೆ ಉಪಯೋಗವಾಗುವುದು ಒಂದು ಪಾಲು ಮಾತ್ರ. "ರೀಜನಲ್ ಅಲ್ವಾ, ಸ್ವಲ್ಪ ಕಮ್ಮಿ ಮಾಡಿ" ಅಂದಾಗ ಈ ಮಾತು ಹೇಳಿ.

ಇಂಟಿಗ್ರೇಷನ್ ವಿಡಿಯೋದ ಯಾವ ಭಾಗದಲ್ಲಿ ಬರಬೇಕು? ದರಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ವಿಡಿಯೋಗೆ 30 ಸಾವಿರ ವ್ಯೂಸ್ ಅಂದ ಮಾತ್ರಕ್ಕೆ ಜಾಹೀರಾತು 30 ಸಾವಿರ ಜನ ನೋಡಿದರು ಅಂತ ಅಲ್ಲ. ಸ್ಟುಡಿಯೋದ ರಿಟೆನ್ಷನ್ ಗ್ರಾಫ್‌ನಲ್ಲಿ ಎರಡನೇ ನಿಮಿಷಕ್ಕೆ ಶೇ 65 ಜನ ಉಳಿದಿದ್ದರೆ, ಏಳನೇ ನಿಮಿಷಕ್ಕೆ ಶೇ 35ಕ್ಕೆ ಇಳಿದಿರಬಹುದು. ಹಾಗಾಗಿ ಬ್ರಾಂಡ್‌ಗಳು ಮೊದಲ ಮೂರನೇ ಒಂದು ಭಾಗದೊಳಗೆ ಕೇಳುತ್ತವೆ. ಅದು ನ್ಯಾಯವೇ. ಮೊದಲ ಮೂವತ್ತು ಸೆಕೆಂಡಲ್ಲೇ ಬೇಕು ಅಂದರೆ ಮಾತ್ರ ಬೇಡ ಅನ್ನಿ. ಅಲ್ಲಿ ಜನ ಎದ್ದು ಹೋದರೆ ಇಡೀ ವಿಡಿಯೋ ಕೂರುತ್ತದೆ, ನಷ್ಟ ಇಬ್ಬರಿಗೂ.

ಪೂರ್ತಿ ವಿಡಿಯೋ ಅವರ ಗ್ರೈಂಡರ್ ಮೇಲೆಯೇ ಬೇಕಾದರೆ ಅದು ಇಂಟಿಗ್ರೇಷನ್ ಅಲ್ಲ, ಡೆಡಿಕೇಟೆಡ್ ವಿಡಿಯೋ. ಅದಕ್ಕೆ ವ್ಯೂಸ್ ಕಡಿಮೆ ಬರುತ್ತದೆ, ಕೆಲಸ ಜಾಸ್ತಿ, ಆ ವಾರದ ನಿಮ್ಮ ಮಾಮೂಲಿ ವಿಡಿಯೋವೂ ಇಲ್ಲ. ದರ ಎರಡು ಪಟ್ಟು ಮೀರಿದರೆ ಆಶ್ಚರ್ಯವಿಲ್ಲ.

ಯೂಸೇಜ್ ರೈಟ್ಸ್ ಅಂದರೆ ಏನು? ಅದಕ್ಕೆ ಯಾಕೆ ಬೇರೆ ದುಡ್ಡು?

ಕನ್ನಡ ಕ್ರಿಯೇಟರ್‌ಗಳು ಅತಿ ಹೆಚ್ಚು ದುಡ್ಡು ಬಿಟ್ಟುಕೊಡುವುದು ಇಲ್ಲೇ ಅಂತ ನನ್ನ ಅನಿಸಿಕೆ. ಮೂಲ ದರಕ್ಕೆ ನೀವು ಕೊಡುವುದು ನಿಮ್ಮ ಚಾನೆಲ್‌ನಲ್ಲಿ, ನಿಮ್ಮ ನೋಡುಗರ ಮುಂದೆ ಒಂದು ನಿಮಿಷ. ಆ ನಿಮಿಷವನ್ನು ಕತ್ತರಿಸಿ ಬ್ರಾಂಡ್ ತನ್ನ ಜಾಹೀರಾತಾಗಿ ಇನ್‌ಸ್ಟಾಗ್ರಾಂನಲ್ಲಿ ಓಡಿಸಿದರೆ ಅದು ಬೇರೆಯದೇ ಕೆಲಸ. ನಿಮ್ಮ ಮುಖ, ನಿಮ್ಮ ದನಿ ಆಗ ಅವರ ಮಾರಾಟದ ಸಾಮಾನು. ಮನೆಗೆ ಬಾಡಿಗೆ ಇದ್ದ ಹಾಗೆ ಇದಕ್ಕೂ ತಿಂಗಳ ಲೆಕ್ಕ.

ಮೂರು ಬಗೆ ಇವೆ. ಬ್ರಾಂಡ್ ತನ್ನ ಪೇಜ್‌ನಲ್ಲಿ ಸುಮ್ನೆ ಹಂಚಿಕೊಳ್ಳುವುದು ಮೊದಲನೆಯದು. ಇದಕ್ಕೆ ಹಲವರು ದುಡ್ಡು ಕೇಳುವುದಿಲ್ಲ, ಅವಧಿ ಮಾತ್ರ ಬರೆಸಿಕೊಳ್ಳುತ್ತಾರೆ. ಎರಡನೆಯದು ನಿಮ್ಮ ಹೆಸರಿನ ಜೊತೆಗೇ ದುಡ್ಡು ಹಾಕಿ ಓಡಿಸುವುದು. ಇನ್‌ಸ್ಟಾಗ್ರಾಂನಲ್ಲಿ ಇದನ್ನು ಪಾರ್ಟ್‌ನರ್‌ಶಿಪ್ ಆಡ್ ಅನ್ನುತ್ತಾರೆ, ನೀವು ಅನುಮತಿ ಕೊಟ್ಟರೆ ಮಾತ್ರ ಓಡುತ್ತದೆ. ಮೂರನೆಯದು ವಿಡಿಯೋ ಫೈಲನ್ನೇ ಅವರಿಗೆ ಕೊಡುವುದು. ಫೈಲ್ ಕೈಬಿಟ್ಟ ಮೇಲೆ ಅದು ಎಲ್ಲೆಲ್ಲಿ ಓಡುತ್ತಿದೆ ಅಂತ ಕಣ್ಣಿಡುವುದು ಕಷ್ಟ. ಹಾಗಾಗಿ ಆದಷ್ಟು ಎರಡನೆಯದಕ್ಕೇ ಒಪ್ಪಿಸಿ. ಅವಧಿ ಮುಗಿದ ದಿನ ಅನುಮತಿ ವಾಪಸ್ ತೆಗೆಯಬಹುದು.

ದುಡ್ಡು ಹಾಕಿ ಓಡಿಸುವುದಕ್ಕೆ ತಿಂಗಳಿಗೆ ಮೂಲ ದರದ ಶೇ 20ರಿಂದ 30 ಕೇಳುವುದು ಸಾಮಾನ್ಯ ರೂಢಿ. ಗ್ರೈಂಡರ್ ಕಂಪನಿ ಮೂರು ತಿಂಗಳು ಕೇಳಿದೆ. ಶೇ 25ರಂತೆ ತಿಂಗಳಿಗೆ 6,000, ಮೂರಕ್ಕೆ 18,000.

"ಇನ್ ಪರ್ಪೆಚುಯಿಟಿ, ಆಲ್ ಮೀಡಿಯಾ" ಅಂತ ಬರೆದಿದ್ದಾರೆ. ಸಹಿ ಹಾಕಬಹುದಾ?

ಎಂದೆಂದಿಗೂ, ಎಲ್ಲ ಮಾಧ್ಯಮದಲ್ಲೂ ಅಂತ ಅರ್ಥ. ಇವತ್ತಿನ 24,000ಕ್ಕೆ ಐದು ವರ್ಷದ ನಂತರ ಬಸ್ ಹಿಂಭಾಗದಲ್ಲಿ ನಿಮ್ಮ ಮುಖ ಅಂಟಿಸಿಕೊಳ್ಳಬಹುದು. ಎಷ್ಟೋ ಸಲ ಬ್ರಾಂಡ್‌ಗೆ ಅದು ಬೇಕಾಗಿಯೂ ಇರುವುದಿಲ್ಲ, ಹಳೆ ಕರಾರಿನಿಂದ ಕಾಪಿ ಮಾಡಿ ಹಾಕಿರುತ್ತಾರೆ. "ಎಲ್ಲಿ, ಎಷ್ಟು ತಿಂಗಳು ಓಡಿಸುತ್ತೀರಿ ಹೇಳಿ, ಅಷ್ಟೇ ಬರೆಯೋಣ" ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ಇಲ್ಲಿ ನಮ್ಮ ಕಾನೂನನ್ನೂ ಸ್ವಲ್ಪ ತಿಳಿದುಕೊಂಡಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಕೊಡುವ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಅಂತ ತಿಳಿಯಲಾಗುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಪೂರ್ತಿ. ಅಂದರೆ "ಅವಧಿ ಬರೆದೇ ಇಲ್ಲ, ಹಾಗಾಗಿ ಚಿಂತೆ ಇಲ್ಲ" ಅನ್ನುವುದು ತಪ್ಪು ಲೆಕ್ಕ.

17ನೇ ಸೆಕ್ಷನ್ ಇನ್ನೂ ಚುರುಕಾಗಿದೆ. ಯಾರಾದರೂ ದುಡ್ಡು ಕೊಟ್ಟು ಮಾಡಿಸಿದ ಫೋಟೋ ಅಥವಾ ವಿಡಿಯೋದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ. ನಿಮ್ಮ ಮಾಮೂಲಿ ದೋಸೆ ವಿಡಿಯೋದ ನಡುವಿನ ಒಂದು ನಿಮಿಷಕ್ಕೆ ಈ ವಾದ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಡೆಡಿಕೇಟೆಡ್ ವಿಡಿಯೋಗೆ ಬ್ರಾಂಡ್‌ನವರು ಅದನ್ನು ಹೂಡಬಹುದು. ಹಾಗಾಗಿ ಪ್ರತಿ ಕರಾರಿನಲ್ಲೂ ಒಂದು ಸಾಲು ಇರಲಿ: "ವಿಡಿಯೋದ ಕೃತಿಸ್ವಾಮ್ಯ ಕ್ರಿಯೇಟರ್ ಬಳಿಯೇ ಇರುತ್ತದೆ. ಬ್ರಾಂಡ್‌ಗೆ ಕೆಳಗೆ ಬರೆದ ಬಳಕೆ, ಕೆಳಗೆ ಬರೆದ ಅವಧಿಗೆ ಮಾತ್ರ." ದೊಡ್ಡ ಮೊತ್ತದ ಡೀಲ್ ಆದರೆ ವಕೀಲರಿಗೆ ಒಮ್ಮೆ ತೋರಿಸಿ.

ಎಕ್ಸ್‌ಕ್ಲೂಸಿವಿಟಿಗೆ ಎಷ್ಟು ಕೇಳಬೇಕು?

ಎಕ್ಸ್‌ಕ್ಲೂಸಿವಿಟಿ ಅಂದರೆ ಇಂತಿಷ್ಟು ದಿನ ಅವರ ಎದುರಾಳಿಗಳ ಜಾಹೀರಾತು ಮಾಡುವುದಿಲ್ಲ ಅಂತ ಮಾತು ಕೊಡುವುದು. ಅದರ ಬೆಲೆಯನ್ನು ಸುಮ್ನೆ ಶೇಕಡಾ ಲೆಕ್ಕದಲ್ಲಿ ಊಹಿಸಬೇಡಿ. ಆ ಮಾತಿನಿಂದ ನಿಮ್ಮ ಕೈತಪ್ಪುವ ಡೀಲ್‌ಗಳೇ ಅದರ ಬೆಲೆ. ಕಳೆದ ವರ್ಷದ ನಿಮ್ಮ ಇನ್‌ವಾಯ್ಸ್‌ಗಳನ್ನು ಎದುರಿಗೆ ಇಟ್ಟುಕೊಳ್ಳಿ.

ಗ್ರೈಂಡರ್ ಕಂಪನಿಯ ಕರಾರಿನಲ್ಲಿ "ಅಡುಗೆಮನೆ ಉಪಕರಣಗಳು, ಮೂರು ತಿಂಗಳು" ಅಂತಿದೆ. ನಮ್ಮ ಚಾನೆಲ್ ಕಳೆದ ವರ್ಷ ಮಿಕ್ಸಿ, ಕುಕ್ಕರ್, ಗ್ಯಾಸ್ ಸ್ಟವ್, ಗ್ರೈಂಡರ್ ಸೇರಿ ಇಂಥ ನಾಲ್ಕು ಡೀಲ್ ಮಾಡಿತ್ತು. ಮೂರು ತಿಂಗಳಿಗೆ ಒಂದು. ಅಂದರೆ ಈ ಒಂದು ಸಾಲಿಗೆ ಬೆಲೆ 24,000, ಪೂರ್ತಿ ಒಂದು ಡೀಲ್! ಅದನ್ನೇ "ವೆಟ್ ಗ್ರೈಂಡರ್ ಮಾತ್ರ" ಅಂತ ಕಿರಿದು ಮಾಡಿದರೆ? ಗ್ರೈಂಡರ್ ಡೀಲ್ ವರ್ಷಕ್ಕೆ ಒಂದೇ. ಮೂರು ತಿಂಗಳಿಗೆ ಅದರ ಕಾಲು ಭಾಗ, 6,000.

ಬ್ರಾಂಡ್‌ಗೆ ನಿಜವಾಗಿ ಭಯ ಇರುವುದು ಇನ್ನೊಂದು ಗ್ರೈಂಡರ್ ಬಗ್ಗೆ, ಕುಕ್ಕರ್ ಬಗ್ಗೆ ಅಲ್ಲ. ಹಾಗಾಗಿ ಮೊದಲು ವಿಭಾಗವನ್ನು ಕಿರಿದು ಮಾಡಿ, ಆಮೇಲೆ ದರ ಮಾತಾಡಿ. ಸಾಧ್ಯವಾದರೆ ಎದುರಾಳಿ ಕಂಪನಿಗಳ ಹೆಸರನ್ನೇ ಪಟ್ಟಿ ಮಾಡಿಸಿ. ಅದರಷ್ಟು ಸ್ಪಷ್ಟ ಬೇರೆ ಇಲ್ಲ.

ಅವಧಿ ಯಾವತ್ತಿನಿಂದ ಶುರು ಅನ್ನುವುದನ್ನೂ ನೋಡಿ. ಸಹಿ ಹಾಕಿದ ದಿನದಿಂದ ಬಾಯಿ ಕಟ್ಟಿ, ಎಣಿಕೆ ಮಾತ್ರ ವಿಡಿಯೋ ಬಂದ ದಿನದಿಂದ ಅಂತಿದ್ದರೆ ಎಚ್ಚರ. ಬ್ರಾಂಡ್ ಸ್ಕ್ರಿಪ್ಟ್ ಒಪ್ಪಲು ಆರು ವಾರ ಎಳೆದರೆ ಆ ಆರು ವಾರವೂ ನೀವು ಪುಕ್ಕಟೆ ಕಟ್ಟಿಬಿದ್ದ ಹಾಗೆ. "ಸಹಿಯ ದಿನದಿಂದ ಒಟ್ಟು ಇಷ್ಟು ದಿನ" ಅಂತ ಬರೆಸಿ. ದಸರಾ, ದೀಪಾವಳಿ ಆ ಅವಧಿಯಲ್ಲಿ ಬಿದ್ದರೆ ಕಳೆದ ವರ್ಷ ಅದೇ ತಿಂಗಳುಗಳಲ್ಲಿ ಎಷ್ಟು ಡೀಲ್ ಬಂದಿತ್ತೋ ಅದನ್ನೇ ಹಿಡಿಯಿರಿ, ವರ್ಷದ ಸರಾಸರಿ ಅಲ್ಲ.

ಎಲ್ಲ ಸೇರಿ ಎಷ್ಟಾಯ್ತು? ಬಜೆಟ್ ಇಲ್ಲ ಅಂದರೆ?

ಮೂಲ ದರ 24,000, ಮೂರು ತಿಂಗಳ ಜಾಹೀರಾತು ಬಳಕೆ 18,000, ಗ್ರೈಂಡರ್ ಎಕ್ಸ್‌ಕ್ಲೂಸಿವಿಟಿ 6,000. ಒಟ್ಟು 48,000 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇ 18. ಕೊಟೇಶನ್‌ನಲ್ಲಿ ಮೂರೂ ಬೇರೆ ಬೇರೆ ಸಾಲಾಗಿ ಇರಲಿ. ಒಟ್ಟು ಮೊತ್ತ ಒಂದನ್ನೇ ಬರೆದರೆ ಅವರು ಅದನ್ನೇ ಕೊರೆಯುತ್ತಾರೆ.

ಕಂಪನಿಯವರು 35,000 ದಾಟುವುದಿಲ್ಲ ಅಂದರು ಅನ್ನಿ. ಮೂಲ ದರ ಮುಟ್ಟಬೇಡಿ. ಕೊಡುವ ವಸ್ತು ಕಡಿಮೆ ಮಾಡಿ. ಜಾಹೀರಾತು ಬಳಕೆ ಒಂದು ತಿಂಗಳು, 6,000. ಎಕ್ಸ್‌ಕ್ಲೂಸಿವಿಟಿ ಎರಡು ತಿಂಗಳು, 4,000. ಒಟ್ಟು 34,000. ಉತ್ತರ ಹೀಗೆ ಹೋಗಬಹುದು: "ಸರ್, 34,000ಕ್ಕೆ ಮಾಡೋಣ. ಜಾಹೀರಾತು 30 ದಿನ ಓಡಿಸಿ. ಚೆನ್ನಾಗಿ ಓಡಿದರೆ ತಿಂಗಳಿಗೆ 6,000ದಂತೆ ಮುಂದುವರಿಸಬಹುದು." ಮುಂದುವರಿಸುವ ದರ ಈಗಲೇ ಬರೆದಿಟ್ಟಿರುವುದು ಮುಖ್ಯ. ಜಾಹೀರಾತು ನಿಜವಾಗಿ ಕೆಲಸ ಮಾಡಿದರೆ ಎರಡನೇ ತಿಂಗಳ ಮೇಲ್ ತಾನಾಗೇ ಬರುತ್ತದೆ.

ಅದೇ ಕೆಲಸವನ್ನು, ಅದೇ ಹಕ್ಕುಗಳ ಜೊತೆ, 48ರ ಬದಲು 34ಕ್ಕೆ ಕೊಟ್ಟಿರೋ, ಮುಂದಿನ ವರ್ಷವೂ ನಿಮ್ಮ ದರ 34 ಅಂತಲೇ ಅವರ ಶೀಟ್‌ನಲ್ಲಿ ಕೂತಿರುತ್ತದೆ.

ವ್ಯೂಸ್ ಗ್ಯಾರಂಟಿ ಕೇಳುತ್ತಿದ್ದಾರೆ. ಕೊಡಬಹುದಾ?

ಕೊಡುವುದಾದರೆ ನಡುವಿನ ಅಂಕಿಗಿಂತ ಕೆಳಗೆ ಕೊಡಿ. ನಮ್ಮ ಚಾನೆಲ್‌ನ 12ರಲ್ಲಿ 11 ವಿಡಿಯೋ 22 ಸಾವಿರ ಮುಟ್ಟಿವೆ, ಹಾಗಾಗಿ 30 ದಿನಕ್ಕೆ 22 ಸಾವಿರ ಅನ್ನಬಹುದು. ಮುಟ್ಟದಿದ್ದರೆ ದುಡ್ಡು ವಾಪಸ್ ಅಲ್ಲ, ಮುಂದಿನ ವಿಡಿಯೋದಲ್ಲಿ 20 ಸೆಕೆಂಡಿನ ಚಿಕ್ಕ ಪ್ರಸ್ತಾಪ ಅಂತ ಬರೆಸಿ. ಗ್ಯಾರಂಟಿ ಮುಟ್ಟಿಸಲು ದುಡ್ಡು ಕೊಟ್ಟು ವ್ಯೂಸ್ ತರಿಸುವ ಯೋಚನೆ ಬೇಡ. ರಿಟೆನ್ಷನ್ ಗ್ರಾಫ್ ಮೊದಲ ಹತ್ತು ಸೆಕೆಂಡಿಗೇ ಕುಸಿದಿರುತ್ತದೆ, ಕಮೆಂಟ್ ಖಾಲಿ ಇರುತ್ತವೆ. ಈ ಕೆಲಸದಲ್ಲಿ ಪಳಗಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಗ್ರೈಂಡರ್ ಫ್ರೀ ಕೊಡುತ್ತೇವೆ, ದುಡ್ಡು ಕಡಿಮೆ ಮಾಡಿ ಅಂತಾರೆ.

ಈಗಾಗಲೇ ಒಂದು ಗ್ರೈಂಡರ್ ಮನೆಯಲ್ಲಿದ್ದರೆ ಇನ್ನೊಂದಕ್ಕೆ ನಿಮ್ಮ ಪಾಲಿಗೆ ಬೆಲೆ ಸೊನ್ನೆ. ತೋರಿಸಲು ಬೇಕಾದ ವಸ್ತು ಕೆಲಸದ ಸಲಕರಣೆ, ಸಂಬಳ ಅಲ್ಲ. ಅಷ್ಟೇ ಅಲ್ಲ, ನೀವು ಇಟ್ಟುಕೊಳ್ಳುವ ವಸ್ತು ತೆರಿಗೆ ಲೆಕ್ಕಕ್ಕೂ ಬರುತ್ತದೆ. 2022ರ ಜುಲೈ 1ರಿಂದ, ಒಂದು ಕಂಪನಿ ವರ್ಷದಲ್ಲಿ ಕೊಟ್ಟ ಇಂಥ ವಸ್ತುಗಳ ಬೆಲೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ ಇದೆ. ಶೂಟಿಂಗ್ ಆದ ಮೇಲೆ ವಾಪಸ್ ಕೊಟ್ಟರೆ ಇಲ್ಲ. ಫೋನು, ಟಿವಿ ತೋರಿಸುವವರು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

"ಸ್ಪಾನ್ಸರ್ಡ್ ಅಂತ ಹಾಕಬೇಡಿ, ಸ್ವಲ್ಪ ಜಾಸ್ತಿ ಕೊಡ್ತೀವಿ" ಅಂದರೆ?

ಇದಕ್ಕೆ ದರವೇ ಇಲ್ಲ. ಜಾಹೀರಾತು ಮಂಡಳಿ ಎಎಸ್‌ಸಿಐನ 2021ರ ಮಾರ್ಗಸೂಚಿ ಪ್ರಕಾರ, ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋದಲ್ಲಿ ಬ್ರಾಂಡ್ ಬಗ್ಗೆ ಮಾತಾಡುವ ಭಾಗದುದ್ದಕ್ಕೂ ಲೇಬಲ್ ಕಾಣಬೇಕು. ಯೂಟ್ಯೂಬ್‌ನಲ್ಲೂ ಪೇಯ್ಡ್ ಪ್ರಮೋಷನ್ ಬಾಕ್ಸ್ ಟಿಕ್ ಮಾಡಲೇಬೇಕು. ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಅದು ಜಾಹೀರಾತಿನಲ್ಲಿ ಮಾತಾಡಿದವರಿಗೂ ತಗಲುತ್ತದೆ.

ಹಣ ಬರುವುದು ತಡವಾಗುತ್ತದೆ. ದರದಲ್ಲಿ ಅದನ್ನು ಸೇರಿಸಬೇಕಾ?

ದರ ಏರಿಸುವುದಕ್ಕಿಂತ ಷರತ್ತು ಬದಲಿಸುವುದು ಮೇಲು. ಅರ್ಧ ಮುಂಗಡ, ಉಳಿದರ್ಧ ವಿಡಿಯೋ ಬಂದ 15 ದಿನದೊಳಗೆ ಅಂತ ಕೇಳಿ. ಏಜೆನ್ಸಿ ಮೂಲಕ ಬಂದ ಡೀಲ್ ಆದರೆ "ಕ್ಲೈಂಟ್ ಕೊಟ್ಟ ಮೇಲೆ ಕೊಡುತ್ತೇವೆ" ಅನ್ನುವ ಸಾಲು ಹುಡುಕಿ, ತೆಗೆಸಿ. ಕ್ಲೈಂಟ್ ಕೊಡದಿದ್ದರೆ ಅದು ಏಜೆನ್ಸಿಯ ತಲೆನೋವು.

ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಂತೆ, ಕರಾರಿನಲ್ಲಿ ಏನೇ ಬರೆದಿರಲಿ, ನಿಮ್ಮ ಹಣ 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಬೀಳುತ್ತದೆ. ತಡ ಮಾಡಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲು ಕಂಪನಿಗೂ ತೊಂದರೆಯಾಗುತ್ತದೆ. ಅದಕ್ಕೇ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಕಂಡರೆ ಮಾರ್ಚ್ ಬರುವಷ್ಟರಲ್ಲಿ ಅಕೌಂಟ್ಸ್ ವಿಭಾಗದವರೇ ಫೋನ್ ಮಾಡುತ್ತಾರೆ.